ಹಳೆಯ ಕೈಬರಹದ ಪತ್ರ, ದಿನಚರಿಗಳ ಸಾರಾಂಶ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆ ತೆರೆದರೆ ಕಾಗದದ ಕಟ್ಟುಗಳು ಸಿಗುತ್ತವೆ. ಅವನ್ನು ಓದಿ ಮನೆಯವರಿಗಾಗಿ ಸಾರಾಂಶ ಬರೆಯಲು ಹೊರಟವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಎಲ್ಲ ಉತ್ತರಗಳಿಗೂ ಒಂದೇ ಪತ್ರವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಆ ಪತ್ರವನ್ನೂ ಅದರಲ್ಲಿ ಬರುವ ಹೆಸರುಗಳನ್ನೂ ವಿವರಣೆಗಾಗಿ ನಾನೇ ಕಟ್ಟಿದ್ದೇನೆ. ಅದರ ತಿಥಿ ವಾರಗಳು ಮಾತ್ರ ಪಂಚಾಂಗಕ್ಕೆ ಸರಿಹೊಂದುವಂಥವು.

ಉದಾಹರಣೆಯ ಪತ್ರ ಯಾವುದು?

"ವ್ಯಯ ಸಂ|| ಪುಷ್ಯ ಬ|| ೩೦ ಬುಧವಾರ, ಮೂಡಿಗೆರೆ, ಕಡೂರು ಡಿಸ್ಟ್ರಿಕ್ಟ್. ತೀರ್ಥರೂಪ ಸಮಾನರಾದ ಮಾವನವರ ಪಾದಗಳಿಗೆ ಜಯಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇವರು ಸಂಕ್ರಾಂತಿ ಮಂಗಳವಾರ ಹಾಸನಕ್ಕೆ ಹೋದವರು ಶುಕ್ರವಾರ ಬಂದರು. ಭಾವನವರು ೧೨-೮-೦ ಕೊಟ್ಟು ಕಳಿಸಿದ್ದಾರೆ. ಚಿ|| ರಂಗನಿಗೆ ಜ್ವರ ಬಿಟ್ಟಿದೆ. ಸೌ|| ಅಕ್ಕನಿಗೆ ತಿಳಿಸುವುದು. ಚಿ|| ಲಕ್ಷ್ಮಿಯ ವಿಷಯ ಬರುವ ಮಾಘದಲ್ಲಿ ನೋಡೋಣವೆಂದು ರಂಗಪ್ಪನವರು ಹೇಳಿದರು. ಹಣ್ಣು ಬಿಡಿಸುವ ಕೆಲಸ ಇನ್ನೂ ಮುಗಿದಿಲ್ಲ. ಅವರು ಬಂದ ಮೇಲೆ ಎಲ್ಲಾ ತೀರ್ಮಾನ."

ಒಂದು ಪುಟವೂ ತುಂಬದ ಪತ್ರ. ಆದರೆ ಸಾರಾಂಶದಲ್ಲಿ ಸಾಮಾನ್ಯವಾಗಿ ಕೆಡುವ ಎಲ್ಲವೂ ಇದರಲ್ಲಿ ಇವೆ.

ಓದುತ್ತಾ ಓದುತ್ತಾ ನೇರವಾಗಿ ಸಾರಾಂಶ ಬರೆಯಬಹುದೇ?

ಬೇಡ. ಮೊದಲು ಪತ್ರವನ್ನು ಇದ್ದದ್ದು ಇದ್ದಂತೆ, ಸಾಲಿಗೆ ಸಾಲು ನಕಲು ಮಾಡಿಕೊಳ್ಳಿ. ಓದಲಾಗದ ಕಡೆ ಚೌಕ ಕಂಸದೊಳಗೆ [ಓದಲಾಗಲಿಲ್ಲ] ಎಂದು ಬರೆಯಿರಿ. ಅನುಮಾನವಿದ್ದ ಪದದ ಮುಂದೆ [?] ಹಾಕಿ. ಕಾಗುಣಿತದ ತಪ್ಪನ್ನೂ ತಿದ್ದಬೇಡಿ. ಸಾರಾಂಶವನ್ನು ಈ ನಕಲಿನಿಂದ ಬರೆಯಬೇಕು, ಮೂಲದಿಂದಲ್ಲ. ಕಷ್ಟದ ಕೈಬರಹ ಓದುವಾಗ ಮನಸ್ಸು ಅರ್ಥವನ್ನು ತಾನೇ ತುಂಬಿಕೊಳ್ಳುತ್ತದೆ. ಹಾಗೆ ತುಂಬಿದ ಅರ್ಥ ನೇರವಾಗಿ ಸಾರಾಂಶಕ್ಕೆ ಇಳಿದರೆ ಯಾವುದು ಪತ್ರದ ಮಾತು, ಯಾವುದು ನಮ್ಮದು ಎಂದು ಆಮೇಲೆ ಬೇರ್ಪಡಿಸಲು ದಾರಿಯೇ ಇರುವುದಿಲ್ಲ.

ನಕಲು ಮಾಡುವಾಗ ಅಂಕಿಗಳ ಮೇಲೆ ವಿಶೇಷ ಗಮನವಿರಲಿ. ಅವಸರದ ಬರಹದಲ್ಲಿ ೬ ಮತ್ತು ೯ ಒಂದರಂತೆ ಇನ್ನೊಂದು ಕಾಣುತ್ತವೆ. ಹಳೆಯ ಬರಹದ ಅರ್ಕಾವೊತ್ತು ಕೂಡ ೯ರಂತೆಯೇ ಇರುತ್ತದೆ. ಪದದ ಕೊನೆಯಲ್ಲಿ ಒಂಬತ್ತು ಕಂಡರೆ ಅದು ಅಂಕಿಯೋ, ಹಿಂದಿನ ಅಕ್ಷರಕ್ಕೆ ಸೇರಿದ ರಕಾರವೋ ಎಂದು ಅದೇ ಕೈಬರಹದ ಬೇರೆ ಪದಗಳೊಂದಿಗೆ ಹೋಲಿಸಿ ನೋಡಿ.

ಪತ್ರದ ಮೇಲೆ ಇಸವಿಯೇ ಇಲ್ಲ, ಸಂವತ್ಸರ ಮಾತ್ರ ಇದೆ. ಇಸವಿ ಕಂಡುಹಿಡಿಯುವುದು ಹೇಗೆ?

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಸಂವತ್ಸರಗಳು ಅರವತ್ತು. ಹಾಗಾಗಿ ಒಂದು ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ನಮ್ಮ ಕಡೆಯ ಎಣಿಕೆಯಲ್ಲಿ ಪ್ರಭವ 1867ರಲ್ಲಿ, 1927ರಲ್ಲಿ, 1987ರಲ್ಲಿ ಆರಂಭವಾಯಿತು. ಪ್ರಭವದಿಂದ ಎಣಿಸಿದರೆ ವ್ಯಯ ಇಪ್ಪತ್ತನೆಯದು. ಅಂದರೆ 1886, 1946 ಅಥವಾ 2006ರ ಯುಗಾದಿಯಿಂದ ಶುರುವಾದ ವರ್ಷ. ಈ ಮೂರರಲ್ಲಿ ಯಾವುದು ಎಂಬುದನ್ನು ಕಾಗದವೇ ಹೇಳುತ್ತದೆ. ಅಂಚೆ ಕಾರ್ಡಿನ ಮೇಲೆ ವಿಕ್ಟೋರಿಯಾ ರಾಣಿಯ ಮುದ್ರೆ ಇದೆಯೋ, ಆರನೆಯ ಜಾರ್ಜ್ ದೊರೆಯ ಮುದ್ರೆ ಇದೆಯೋ ನೋಡಿದರೆ ಸಾಕು. ನಮ್ಮ ಪತ್ರ ಜಾರ್ಜ್ ದೊರೆಯ ಕಾರ್ಡಿನಲ್ಲಿದೆ ಎಂದಿಟ್ಟುಕೊಳ್ಳೋಣ.

ಈಗ ಹಲವರು "ವ್ಯಯ ಎಂದರೆ 1946" ಎಂದು ಬರೆದು ಮುಂದೆ ಹೋಗುತ್ತಾರೆ. ಇದೇ ತಪ್ಪು. ಸಂವತ್ಸರ ಬದಲಾಗುವುದು ಜನವರಿ ಒಂದಕ್ಕಲ್ಲ, ಯುಗಾದಿಗೆ. ಆ ವ್ಯಯ ಸಂವತ್ಸರ 1946ರ ಏಪ್ರಿಲ್ 3ರಿಂದ 1947ರ ಮಾರ್ಚ್ 22ರವರೆಗೆ ಇತ್ತು. ಚೈತ್ರದಿಂದ ಮಾರ್ಗಶಿರದವರೆಗಿನ ತಿಥಿಗಳು 1946ರಲ್ಲೇ ಬೀಳುತ್ತವೆ. ಪುಷ್ಯದ ಆರಂಭ ಡಿಸೆಂಬರ್ ಕೊನೆಯಲ್ಲಾದರೂ ಅದರ ಬಹುಳ ಪಕ್ಷ, ಅಂದರೆ ಪತ್ರದಲ್ಲಿ "ಬ||" ಎಂದಿರುವ ಹುಣ್ಣಿಮೆಯ ನಂತರದ ಅರ್ಧ, 1947ರ ಜನವರಿಗೆ ಹೋಗುತ್ತದೆ. ಮಾಘ, ಫಾಲ್ಗುಣಗಳೂ 1947ಕ್ಕೇ ಸೇರಿದವು. ಪುಷ್ಯ, ಮಾಘ, ಫಾಲ್ಗುಣ ಎಂಬ ಹೆಸರು ಕಂಡ ಕೂಡಲೇ ಕೈ ನಿಲ್ಲಬೇಕು.

ತಿಥಿಯ ಜಾಗದಲ್ಲಿ ೩೦ ಎಂದಿದೆ. ಪಂಚಾಂಗದ ರೂಢಿಯಲ್ಲಿ ಹುಣ್ಣಿಮೆಗೆ ೧೫, ಅಮಾವಾಸ್ಯೆಗೆ ೩೦ ಎಂದು ಬರೆಯುತ್ತಾರೆ. ಇದನ್ನು ತಿಂಗಳ ಮೂವತ್ತನೇ ತಾರೀಕು ಎಂದುಕೊಂಡರೆ ಎಲ್ಲ ಲೆಕ್ಕವೂ ತಪ್ಪುತ್ತದೆ. ಆ ಪುಷ್ಯ ಮಾಸದ ಅಮಾವಾಸ್ಯೆ ಬಿದ್ದದ್ದು 1947ರ ಜನವರಿ 22ರಂದು.

ಹೀಗೆ ಸಿಕ್ಕಿದ ತಾರೀಕು ಸರಿಯೆಂದು ಹೇಗೆ ತಿಳಿಯುವುದು?

ವಾರದಿಂದ. ಪತ್ರದಲ್ಲಿ ಬುಧವಾರ ಎಂದಿದೆ. 1947ರ ಜನವರಿ 22 ಬುಧವಾರವೇ. 1946 ಎಂದು ತಪ್ಪಾಗಿ ಹಿಡಿದಿದ್ದರೆ ಪುಷ್ಯದ ಅಮಾವಾಸ್ಯೆ ಫೆಬ್ರವರಿ 2ಕ್ಕೆ ಬರುತ್ತಿತ್ತು, ಅದು ಶನಿವಾರ. ವಾರ ಹೊಂದಲಿಲ್ಲವೆಂದರೆ ವರ್ಷ ತಪ್ಪಿದೆ, ಇಲ್ಲವೇ ತಿಥಿಯನ್ನು ನಾವು ತಪ್ಪಾಗಿ ಓದಿದ್ದೇವೆ.

ಎರಡನೆಯ ಸಾಕ್ಷಿಯೂ ಪತ್ರದೊಳಗೇ ಇದೆ. "ಸಂಕ್ರಾಂತಿ ಮಂಗಳವಾರ" ಎಂದು ಬರೆದಿದ್ದಾರೆ. 1947ರ ಜನವರಿ 14 ಮಂಗಳವಾರ, 1946ರ ಜನವರಿ 14 ಸೋಮವಾರ. ಎರಡು ಬೇರೆ ಬೇರೆ ಸಾಕ್ಷಿಗಳು ಒಂದೇ ವರ್ಷವನ್ನು ತೋರಿಸಿದ ಮೇಲೆ ಸಾರಾಂಶದಲ್ಲಿ ಧೈರ್ಯವಾಗಿ ತಾರೀಕು ಬರೆಯಬಹುದು. ಆಗಲೂ ಮೂಲದ ತಿಥಿಯನ್ನು ಬಿಡಬಾರದು. "ವ್ಯಯ ಸಂ. ಪುಷ್ಯ ಬ. 30, ಬುಧವಾರ [= 1947 ಜನವರಿ 22]" ಎಂದು ಎರಡನ್ನೂ ಒಟ್ಟಿಗೆ ಕೊಡಿ. ಚೌಕ ಕಂಸ ಇದ್ದರೆ ಅದು ನಾವು ಲೆಕ್ಕ ಹಾಕಿದ್ದು ಎಂದು ಓದುವವರಿಗೆ ಗೊತ್ತಾಗುತ್ತದೆ.

ಒಂದೇ ಒಂದು ದಿನದ ವ್ಯತ್ಯಾಸ ಬಂದರೆ ಗಾಬರಿ ಬೇಡ. ತಿಥಿ ಸೂರ್ಯೋದಯದಿಂದ ಸೂರ್ಯೋದಯಕ್ಕೆ ಸರಿಯಾಗಿ ನಡೆಯುವುದಿಲ್ಲ. ಮಧ್ಯಾಹ್ನವೇ ಮುಗಿಯಬಹುದು. ಸಂಜೆ ಕುಳಿತು ಬರೆದವರು ಆಗ ನಡೆಯುತ್ತಿದ್ದ ತಿಥಿಯನ್ನು ಹಾಕಿರಬಹುದು. ಎರಡು ಮೂರು ದಿನ ತಪ್ಪಿದರೆ ಮಾತ್ರ ಮತ್ತೆ ಮೊದಲಿನಿಂದ ನೋಡಿ.

ಅಧಿಕ ಮಾಸ ಎಂದು ಬರೆದಿದ್ದರೆ?

ಅಧಿಕ, ನಿಜ ಎಂಬ ಮಾತುಗಳನ್ನು ಸಾರಾಂಶದಲ್ಲಿ ತಪ್ಪದೆ ಉಳಿಸಿ. 1947ರಲ್ಲಿ ಶ್ರಾವಣ ಎರಡು ಸಲ ಬಂದಿತ್ತು, ಮೊದಲು ಅಧಿಕ, ಆಮೇಲೆ ನಿಜ. ಆಗಸ್ಟ್ 15 ಬಿದ್ದದ್ದು ಅಧಿಕ ಶ್ರಾವಣದಲ್ಲಿ. ಆ ವರ್ಷದ ಪತ್ರವೊಂದರಲ್ಲಿ "ಅಧಿಕ" ಎಂಬುದನ್ನು ಕೈಬಿಟ್ಟರೆ ಸ್ವಾತಂತ್ರ್ಯ ಬರುವ ಮುಂಚೆ ಬರೆದ ಕಾಗದ ಬಂದ ಮೇಲೆ ಬರೆದದ್ದಾಗಿಬಿಡುತ್ತದೆ.

"ಬರುವ ಮಾಘ", "ಮೊನ್ನೆ", "ಹೋದ ಶುಕ್ರವಾರ" ಇಂಥವನ್ನು ಏನು ಮಾಡಬೇಕು?

ಪತ್ರದ ತಾರೀಕನ್ನು ನೆಲೆಯಾಗಿಟ್ಟುಕೊಂಡು ಎಣಿಸಬೇಕು. ನಮ್ಮ ಪತ್ರ ಅಮಾವಾಸ್ಯೆಯ ದಿನದ್ದು. ಮಾಘ ಮಾರನೆಯ ದಿನವೇ, ಅಂದರೆ ಜನವರಿ 23ರಂದು ಶುರುವಾಗುತ್ತದೆ. ಆದ್ದರಿಂದ "ಬರುವ ಮಾಘ" ಎಂದರೆ ಮುಂದಿನ ವರ್ಷವಲ್ಲ, ನಾಳೆಯಿಂದಲೇ. ಇದನ್ನು "ಮುಂದಿನ ವರ್ಷಕ್ಕೆ ಮುಂದೂಡಿದರು" ಎಂದು ಬರೆದರೆ ಇಡೀ ಕುಟುಂಬದ ಕಥೆಯೇ ಬೇರೆಯಾಗುತ್ತದೆ. ಹಾಗೆಯೇ "ಶುಕ್ರವಾರ ಬಂದರು" ಎಂಬುದು ಜನವರಿ 17.

ನಿಖರವಾಗಿ ಎಣಿಸಲು ಆಗದಿದ್ದರೆ ಪತ್ರದ ಮಾತನ್ನೇ ಉಲ್ಲೇಖ ಚಿಹ್ನೆಯೊಳಗೆ ಇಡಿ. "ಮೊನ್ನೆ" ಎಂಬುದು ಕೆಲವರಿಗೆ ಎರಡು ದಿನದ ಹಿಂದೆ, ಕೆಲವರಿಗೆ ಈಚೆಗೆ ಯಾವಾಗಲೋ ಒಂದು ದಿನ.

ಮಾವ, ಭಾವ, ಅಕ್ಕ ಎಂದಷ್ಟೇ ಇದೆ, ಹೆಸರಿಲ್ಲ. ಯಾರೆಂದು ಬರೆಯುವುದು?

ಪತ್ರ ಹೇಳಿದ್ದಕ್ಕಿಂತ ಹೆಚ್ಚು ಹೇಳಬಾರದು. ಮಾವ ಎಂದರೆ ಗಂಡನ ತಂದೆ ಇರಬಹುದು, ತಾಯಿಯ ಅಣ್ಣ ತಮ್ಮಂದಿರಿರಬಹುದು, ಸೋದರತ್ತೆಯ ಗಂಡನೂ ಇರಬಹುದು. ಸೋದರಮಾವನನ್ನೇ ಮದುವೆಯಾಗುವ ರೂಢಿಯಿದ್ದ ಮನೆಗಳಲ್ಲಿ ಒಬ್ಬರೇ ಎರಡೆರಡು ಸಂಬಂಧಕ್ಕೆ ಸಲ್ಲುತ್ತಾರೆ. ಭಾವ ಎಂದರೆ ಅಕ್ಕನ ಗಂಡನೋ, ಗಂಡನ ಅಣ್ಣನೋ ಈ ಪತ್ರವೊಂದರಿಂದ ಹೇಳಲಾಗದು. "ಮಾವನವರಿಗೆ [ಗಂಡನ ತಂದೆ ಅಥವಾ ಸೋದರಮಾವ, ಖಚಿತವಿಲ್ಲ]" ಎಂದು ಬರೆದರೆ ಸಾಕು. ಮುಂದಿನ ಪತ್ರದಲ್ಲಿ ಉತ್ತರ ಸಿಕ್ಕಬಹುದು.

ಆದರೆ ಪತ್ರದ ಒಕ್ಕಣೆ ಒಂದಿಷ್ಟು ಖಚಿತವಾದ ಮಾಹಿತಿ ಕೊಡುತ್ತದೆ, ಅದನ್ನು ಕಳೆದುಕೊಳ್ಳಬಾರದು. "ತೀರ್ಥರೂಪ ಸಮಾನರಾದ" ಎಂದು ಬರೆದಿದ್ದಾರೆ. ಸ್ವಂತ ತಂದೆಗೆ ಬರೆಯುವಾಗ "ತೀರ್ಥರೂಪ" ಎನ್ನುತ್ತಾರೆ, ತಂದೆಯ ಸ್ಥಾನದವರಿಗೆ "ಸಮಾನರಾದ" ಎಂದು ಸೇರಿಸುತ್ತಾರೆ. ಅಂದರೆ ಪತ್ರ ತಂದೆಗೆ ಬರೆದದ್ದಲ್ಲ. "ಚಿ||" ಎಂದರೆ ಚಿರಂಜೀವಿ. ರಂಗನೂ ಲಕ್ಷ್ಮಿಯೂ ಬರೆದವರಿಗಿಂತ ಕಿರಿಯರು. "ಸೌ||" ಎಂದರೆ ಸೌಭಾಗ್ಯವತಿ, ಗಂಡನಿರುವ ಹೆಂಗಸು. "ಸೌ|| ಅಕ್ಕ" ಎಂದಿರುವುದರಿಂದ ಆ ಅಕ್ಕನ ಗಂಡ 1947ರ ಜನವರಿಯಲ್ಲಿ ಬದುಕಿದ್ದರು. ವಂಶವೃಕ್ಷ ಬರೆಯುವವರಿಗೆ ಈ ಒಂದು ಅಕ್ಷರ ಎಷ್ಟೋ ಬೆಲೆಬಾಳುತ್ತದೆ. ಮುಂದೊಂದು ಪತ್ರದಲ್ಲಿ ಅದೇ ಅಕ್ಕನ ಹೆಸರಿನ ಹಿಂದೆ "ಸೌ||" ಇಲ್ಲದಿದ್ದರೆ ಗಮನಿಸಿ, ಆದರೆ ಅಷ್ಟರಿಂದಲೇ ಸಾವಿನ ತೀರ್ಮಾನಕ್ಕೆ ಬರಬೇಡಿ. ಬರೆಯುವವರು ಮರೆತಿರಲೂಬಹುದು. "ಕೈ||", "ಲಿಂ||" ಅಥವಾ "ದಿ||" ಎಂದು ಹೆಸರಿನ ಹಿಂದೆ ಕಂಡರೆ ಮಾತ್ರ ಆ ವ್ಯಕ್ತಿ ತೀರಿಕೊಂಡಾಗಿತ್ತು ಎಂದು ಹೇಳಬಹುದು.

ಜಮೀನಿನ ಪತ್ರಗಳು ಕಟ್ಟಿನಲ್ಲಿದ್ದರೆ ಸಂಬಂಧ ಖಚಿತಪಡಿಸಲು ಅವು ಬಹಳ ಉಪಯೋಗಕ್ಕೆ ಬರುತ್ತವೆ. ಹಳೆಯ ಮೈಸೂರಿನ ದಾಖಲೆಗಳಲ್ಲಿ ಹೆಸರಿನ ನಂತರ "ಬಿನ್" ಎಂದಿದ್ದರೆ ಮುಂದಿನದು ತಂದೆಯ ಹೆಸರು, "ಕೋಂ" ಎಂದಿದ್ದರೆ ಗಂಡನ ಹೆಸರು.

"ಇವರು", "ಅವರು" ಎಂದು ಬರೆದಿರುವುದು ಯಾರನ್ನು?

ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ, ಬರೆಯುತ್ತಲೂ ಇರಲಿಲ್ಲ. "ಇವರು", "ಯಜಮಾನರು", "ನಮ್ಮ ಮನೆಯವರು" ಎಂದರೆ ಸಾಮಾನ್ಯವಾಗಿ ಗಂಡ. ಇಲ್ಲಿ "ಇವರು ಹಾಸನಕ್ಕೆ ಹೋದವರು" ಎಂಬುದು ಜಯಮ್ಮನ ಗಂಡನೇ ಎನ್ನಲು ಬಲವಾದ ಕಾರಣವಿದೆ. "[ಗಂಡ, ಹೆಸರಿಲ್ಲ]" ಎಂದು ಸೇರಿಸಿ. ಮನೆಯವರಿಗೆ ಗಂಡನ ಹೆಸರು ಗೊತ್ತಿದ್ದರೂ ಅದನ್ನು ಪತ್ರದ ಮಾತಿನಂತೆ ತುಂಬಬೇಡಿ, ಕಂಸದೊಳಗೇ ಇರಲಿ.

ಕೊನೆಯ ಸಾಲಿನ "ಅವರು ಬಂದ ಮೇಲೆ" ಹಾಗಲ್ಲ. ಆ ಪದ ಒಬ್ಬರಿಗೂ ಸಲ್ಲುತ್ತದೆ, ಹಲವರಿಗೂ ಸಲ್ಲುತ್ತದೆ. ಗಂಡಸೋ ಹೆಂಗಸೋ ಎಂದೂ ಹೇಳುವುದಿಲ್ಲ. ಹಿಂದಿನ ಸಾಲಿನಲ್ಲಿ ರಂಗಪ್ಪನವರ ಹೆಸರಿದೆಯೆಂದು ಅವರೇ ಎಂದುಕೊಳ್ಳುವುದು ಸುಲಭ. ನಡುವೆ ತೋಟದ ಕೆಲಸದ ಸಾಲು ಬಂದಿರುವುದರಿಂದ ಹೆಣ್ಣು ನೋಡಲು ಬರುವವರೂ ಇರಬಹುದು, ಬೇರೆ ನೆಂಟರೂ ಇರಬಹುದು. ಇಂಥ ಕಡೆ ಸಾರಾಂಶವೂ "ಅವರು [ಯಾರೆಂದು ಸ್ಪಷ್ಟವಿಲ್ಲ]" ಎಂದೇ ಹೇಳಬೇಕು.

ಒಂದೇ ಹೆಸರಿನವರು ಹಲವರಿದ್ದರೆ ಬೇರ್ಪಡಿಸುವುದು ಹೇಗೆ?

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದಾಗಿ ಇದು ಬಂದೇ ಬರುತ್ತದೆ. ನಮ್ಮ ಪತ್ರದಲ್ಲೇ ಜ್ವರ ಬಿಟ್ಟ ರಂಗನೂ ಇದ್ದಾನೆ, ಮಾಘದಲ್ಲಿ ನೋಡೋಣವೆಂದ ರಂಗಪ್ಪನವರೂ ಇದ್ದಾರೆ. ಒಬ್ಬನಿಗೆ "ಚಿ||", ಇನ್ನೊಬ್ಬರಿಗೆ "ಅವರು" ಎಂಬ ಗೌರವ. ಇಬ್ಬರೂ ಬೇರೆ ಎನ್ನಲು ಇಷ್ಟು ಸಾಕು. ಆದರೆ ಇಬ್ಬರನ್ನೂ "ರಂಗಪ್ಪ" ಎಂದು ತಿದ್ದಿ ಬರೆದ ಸಾರಾಂಶದಲ್ಲಿ ಮುದುಕರಿಗೆ ಜ್ವರ ಬರುತ್ತದೆ!

ಕಟ್ಟಿನಲ್ಲಿ ಹತ್ತಾರು ಪತ್ರಗಳಿದ್ದರೆ ಒಂದು ನೋಟ್ ಪುಸ್ತಕದಲ್ಲಿ ಪ್ರತಿ ವ್ಯಕ್ತಿಗೂ ಒಂದು ಪುಟ ಬಿಡಿ. ಪತ್ರದಲ್ಲಿ ಹೆಸರು ಹೇಗಿದೆಯೋ ಹಾಗೆ, ಯಾವ ಪತ್ರ, ಯಾವ ತಾರೀಕು, ಬರೆದವರಿಗೆ ಏನಾಗಬೇಕು ಎಂದು ಬರೆಯುತ್ತಾ ಹೋಗಿ. ಎರಡು ಪುಟಗಳ ವ್ಯಕ್ತಿಗಳು ಒಬ್ಬರೇ ಎಂದು ಅನಿಸಿದರೂ ಪುರಾವೆ ಸಿಗುವವರೆಗೆ ಪುಟಗಳನ್ನು ಸೇರಿಸಬೇಡಿ. ಬೇರೆಯಿಟ್ಟವರನ್ನು ಆಮೇಲೆ ಸೇರಿಸುವುದು ಒಂದು ಗೆರೆಯ ಕೆಲಸ. ಸೇರಿಸಿಬಿಟ್ಟವರನ್ನು ಬೇರ್ಪಡಿಸಲು ಎಲ್ಲ ಪತ್ರಗಳನ್ನೂ ಮತ್ತೆ ಓದಬೇಕಾಗುತ್ತದೆ. "ಬರೆದವರಿಗೆ" ಎಂಬುದನ್ನು ಮರೆಯಬೇಡಿ. ಜಯಮ್ಮನ ಭಾವ ಅವಳ ಗಂಡ ಬರೆದ ಪತ್ರದಲ್ಲಿ ಅಣ್ಣನಾಗಿ ಬಂದರೆ, ಭಾವ ಎಂದರೆ ಗಂಡನ ಅಣ್ಣ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ.

೧೨-೮-೦ ಎಂಬುದು ತಾರೀಕೇ?

ಅಲ್ಲ, ಹಣ. ಹನ್ನೆರಡು ರೂಪಾಯಿ ಎಂಟಾಣೆ, ಪೈ ಇಲ್ಲ. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ನೂರು ನಯಾಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್ 1ರಿಂದ. ಆದ್ದರಿಂದ ಇದು 12.80 ಅಲ್ಲ, ಹನ್ನೆರಡೂವರೆ ರೂಪಾಯಿ. ಈಗಿನ ಬೆಲೆಗೆ ಪರಿವರ್ತಿಸುವ ಗೋಜಿಗೆ ಹೋಗಬೇಡಿ.

ಊರು, ಜಿಲ್ಲೆಗಳ ಹೆಸರು ಈಗಿನಂತೆ ಬದಲಿಸಬಹುದೇ?

ಬದಲಿಸಬೇಡಿ, ಪಕ್ಕದಲ್ಲಿ ಸೇರಿಸಿ. "ಮೂಡಿಗೆರೆ, ಕಡೂರು ಡಿಸ್ಟ್ರಿಕ್ಟ್" ಎಂದರೆ ಬರೆದವರು ಕಡೂರು ಪಟ್ಟಣದಲ್ಲಿದ್ದರು ಎಂದಲ್ಲ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಇದ್ದ ಹೆಸರೇ ಕಡೂರು ಜಿಲ್ಲೆ. ಮಲೆನಾಡಿನ ಮೂಡಿಗೆರೆಗೂ ಬಯಲುಸೀಮೆಯ ಕಡೂರಿಗೂ ಇರುವ ದೂರ ಗೊತ್ತಿಲ್ಲದವರು ಮೊಮ್ಮಕ್ಕಳಿಗೆ ತಪ್ಪು ಊರನ್ನು ತೋರಿಸಿಬಿಡುತ್ತಾರೆ. ಹಾಸನದ ಕಡೆಯ ಕಾಗದಗಳಲ್ಲಿ ಬರುವ ಮಂಜರಾಬಾದ್ ತಾಲ್ಲೂಕು ಈಗಿನ ಸಕಲೇಶಪುರದ ಕಡೆಯದು.

ದಿನಚರಿಗೂ ಇದೇ ಕ್ರಮವೇ?

ಬಹುಪಾಲು ಇದೇ. ಒಂದು ಎಚ್ಚರಿಕೆ ಹೆಚ್ಚು ಬೇಕು. ಅಚ್ಚಾದ ಡೈರಿಯ ತಾರೀಕನ್ನು ಕಣ್ಣುಮುಚ್ಚಿ ನಂಬಬೇಡಿ. ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ಹೋದ ವರ್ಷದ ಖಾಲಿ ಡೈರಿಯಲ್ಲಿ ಈ ವರ್ಷ ಬರೆಯುವವರಿದ್ದರು. 1951ರ ಜನವರಿ 1 ಸೋಮವಾರ. ಆ ಪುಟದಲ್ಲಿ "ಈ ದಿನ ಮಂಗಳವಾರ" ಎಂದು ಕೈಯಲ್ಲಿ ಬರೆದಿದ್ದರೆ ಅದನ್ನು 1952ರಲ್ಲಿ ಬರೆದಿರುವ ಸಾಧ್ಯತೆ ಹೆಚ್ಚು. ಆ ವರ್ಷದ ಜನವರಿ 1 ಮಂಗಳವಾರ. ಇನ್ನೂ ನಾಲ್ಕಾರು ಪುಟಗಳಲ್ಲಿ ವಾರ ಹೋಲಿಸಿದರೆ ಸ್ಪಷ್ಟವಾಗುತ್ತದೆ.

ತಾರೀಕೇ ಇಲ್ಲದ ಪುಟಗಳಿಗೆ ಮಳೆ ನೆರವಾಗುತ್ತದೆ. ರೈತರ, ತೋಟದವರ ದಿನಚರಿಗಳಲ್ಲಿ ಮಳೆ ನಕ್ಷತ್ರದ ಹೆಸರು ಬರುತ್ತದೆ. ರೋಹಿಣಿ ಮಳೆ ಮೇ ಕೊನೆಯ ವಾರ, ಆರಿದ್ರ ಜೂನ್ 21, 22ರ ಸುಮಾರು, ಹಸ್ತ ಸೆಪ್ಟೆಂಬರ್ ಕೊನೆಗೆ ಹುಟ್ಟುತ್ತದೆ. "ಆರಿದ್ರ ಹುಟ್ಟಿ ನಾಲ್ಕು ದಿನ" ಎಂದಿದ್ದರೆ ಜೂನ್ 25ರ ಆಸುಪಾಸು. ಕಾಫಿ ತೋಟದ ಕೆಲಸವೂ ಹಾಗೆಯೇ ತಿಂಗಳು ಹೇಳುತ್ತದೆ. ಹೂವಿನ ಮಳೆಗೆ ಕಾಯುವುದು ಮಾರ್ಚ್, ಏಪ್ರಿಲ್‌ನಲ್ಲಿ. ಹಣ್ಣು ಬಿಡಿಸುವುದು ಚಳಿಗಾಲದಲ್ಲಿ. ಜಯಮ್ಮನ ಪತ್ರದಲ್ಲಿ ಜನವರಿ ಕೊನೆಗೂ ಹಣ್ಣು ಮುಗಿದಿಲ್ಲ ಎಂದಿರುವುದು ನಾವು ಹಾಕಿದ ತಾರೀಕಿಗೆ ಹೊಂದುತ್ತದೆ. ಆದರೆ ಇದು ತಿಂಗಳನ್ನು ತೋರಿಸುತ್ತದೆಯೇ ಹೊರತು ವರ್ಷವನ್ನಲ್ಲ.

ಕೊನೆಗೆ ಸಾರಾಂಶ ಹೇಗಿರಬೇಕು?

ನಮ್ಮ ಪತ್ರದ್ದು ಹೀಗಿರಬಹುದು:

"ಜಯಮ್ಮ ತಮ್ಮ ಮಾವನವರಿಗೆ [ಗಂಡನ ತಂದೆ ಅಥವಾ ಸೋದರಮಾವ] ಮೂಡಿಗೆರೆಯಿಂದ ವ್ಯಯ ಸಂ. ಪುಷ್ಯ ಬ. 30, ಬುಧವಾರ [= 1947 ಜನವರಿ 22] ಬರೆದ ಪತ್ರ. 'ಇವರು' [ಗಂಡ, ಹೆಸರಿಲ್ಲ] ಸಂಕ್ರಾಂತಿ ಮಂಗಳವಾರ [ಜನವರಿ 14] ಹಾಸನಕ್ಕೆ ಹೋಗಿ ಶುಕ್ರವಾರ [17] ಮರಳಿದರು. ಭಾವನವರು [ಯಾವ ಸಂಬಂಧದ ಭಾವ ಎಂದು ತಿಳಿಯದು] 12 ರೂಪಾಯಿ 8 ಆಣೆ ಕಳಿಸಿದ್ದಾರೆ. ಕಿರಿಯನಾದ ರಂಗನಿಗೆ ಜ್ವರ ಬಿಟ್ಟಿದೆ, ಇದನ್ನು ಅಕ್ಕನಿಗೆ [ಯಾರ ಅಕ್ಕ ಎಂದು ತಿಳಿಯದು, ಗಂಡ ಬದುಕಿದ್ದಾರೆ] ತಿಳಿಸಲು ಕೋರಿದ್ದಾರೆ. ಲಕ್ಷ್ಮಿಯ 'ವಿಷಯ' [ಮದುವೆ?] ಬರುವ ಮಾಘದಲ್ಲಿ [ಜನವರಿ 23ರಿಂದ] ನೋಡೋಣವೆಂದು ರಂಗಪ್ಪನವರು ಹೇಳಿದ್ದಾರೆ. ಹಣ್ಣು ಬಿಡಿಸುವುದು ಮುಗಿದಿಲ್ಲ. 'ಅವರು' [ಯಾರೆಂದು ಸ್ಪಷ್ಟವಿಲ್ಲ] ಬಂದ ಮೇಲೆ ತೀರ್ಮಾನ."

ಲಕ್ಷ್ಮಿಯ ಸಾಲನ್ನು ಗಮನಿಸಿ. ಪತ್ರದಲ್ಲಿ ಮದುವೆ ಎಂಬ ಮಾತೇ ಇಲ್ಲ. ಮಾಘ ಮದುವೆಯ ತಿಂಗಳಾದ್ದರಿಂದ ನಮಗೆ ಹಾಗೆ ತೋಚುತ್ತದೆ, ಅದು ಸರಿಯೂ ಇರಬಹುದು. ಆದರೂ ಪ್ರಶ್ನೆಯ ಚಿಹ್ನೆ ಬೇಕು.

ಕಂಸಗಳು ಇಷ್ಟೊಂದಿದ್ದರೆ ಓದಲು ತೊಡಕಲ್ಲವೇ? ತೆಗೆದುಬಿಡಬಹುದೇ?

ಮನೆಯ ಸಮಾರಂಭದಲ್ಲಿ ಓದಿ ಹೇಳಲು ಕಂಸವಿಲ್ಲದ ಪ್ರತಿಯೊಂದನ್ನು ಬೇರೆ ಮಾಡಿಕೊಳ್ಳಿ. ಅದರಲ್ಲೂ ಖಚಿತವಿಲ್ಲದ್ದನ್ನು ಖಚಿತವಾಗಿ ಹೇಳದೆ "ಮಾವನವರಿಗೆ" ಎಂದಷ್ಟೇ ಬಿಡಿ. ಕಂಸವಿರುವ ಪ್ರತಿಯನ್ನು ನಕಲು ಮತ್ತು ಮೂಲ ಪತ್ರದ ಜೊತೆ ಒಂದೇ ಲಕೋಟೆಯಲ್ಲಿಡಿ. ಆ ಮನೆಯ ಹಿರಿಯರೊಬ್ಬರು ಮುಂದೆಂದಾದರೂ ಅದನ್ನು ನೋಡಿ "ಈ ಭಾವ ಎಂದರೆ ನಮ್ಮ ದೊಡ್ಡಪ್ಪ" ಎಂದು ಹೇಳಿದರೆ, ಯಾರು ಹೇಳಿದರು, ಯಾವತ್ತು ಹೇಳಿದರು ಎಂಬುದನ್ನು ಆ ಕಂಸದ ಪಕ್ಕದಲ್ಲೇ ಬರೆದುಕೊಳ್ಳಿ.